ಹನ್ನೆರಡು ಅನುಸೂಚಿ, ಒಂದು ತೋಟದ ಮನೆ

ನಮಸ್ಕಾರ. ಇದು ಬದಿಯಡ್ಕ ಹತ್ತಿರದ ನಮ್ಮ ಮನೆ. ಹೋಮ್ ಟೂರ್ ಅಲ್ಲ, ಗಾಬರಿ ಬೇಡ. ಪಿಎಸ್‌ಸಿಗೆ ಓದುವ ಒಂದಿಷ್ಟು ಹುಡುಗ ಹುಡುಗಿಯರು ಸಂಜೆ ಹೊತ್ತು ನಮ್ಮ ಜಗಲಿಗೆ ಬರುತ್ತಾರೆ. ಅವರಿಗೆ ಹೇಳಿಕೊಡುವ ಒಂದು ಉಪಾಯವನ್ನು ಇವತ್ತು ಕ್ಯಾಮೆರಾ ಹಿಡಿದು ನಡೆಯುತ್ತಾ ತೋರಿಸುತ್ತೇನೆ. ಮೆಮೊರಿ ಪ್ಯಾಲೇಸ್ ಅಂತಾರೆ. ಅರಮನೆಯೇನೂ ಬೇಡ, ಕತ್ತಲೆಯಲ್ಲೂ ಎಡವದೆ ಓಡಾಡುವಷ್ಟು ಗುರುತಿರುವ ಜಾಗ ಸಾಕು. ಪಟ್ಟಿಯಲ್ಲಿರುವ ಒಂದೊಂದನ್ನೂ ಚಿತ್ರ ಮಾಡಿ ದಾರಿಯುದ್ದಕ್ಕೂ ಇಟ್ಟು ಬರುವುದು, ಆಮೇಲೆ ಪರೀಕ್ಷೆಯಲ್ಲಿ ಮನಸ್ಸಿನಲ್ಲೇ ಅದೇ ದಾರಿಯಲ್ಲಿ ನಡೆದು ಹೆಕ್ಕಿಕೊಳ್ಳುವುದು. ಇಷ್ಟೇ.

ಇವತ್ತಿನ ಪಟ್ಟಿ ನಮ್ಮ ಸಂವಿಧಾನದ ಹನ್ನೆರಡು ಅನುಸೂಚಿಗಳು. ಬಾಯಿಪಾಠ ಮಾಡಿದವರಿಗೂ ಐದು ಯಾವುದು, ಆರು ಯಾವುದು ಅಂತ ಅದಲು ಬದಲು ಆಗುತ್ತದೆ ಅಲ್ವಾ, ಅದಕ್ಕೇ ಇದನ್ನು ಆರಿಸಿದ್ದು.

ಮೊದಲು ದಾರಿ, ಆಮೇಲೆ ಚಿತ್ರ. ಗೇಟು, ಅಂಗಳ, ತುಳಸಿಕಟ್ಟೆ, ಜಗಲಿ, ಹೊಸ್ತಿಲು, ಚಾವಡಿ, ಊಟದ ಕೋಣೆ, ಅಡುಗೆಮನೆ. ಅಲ್ಲಿಂದ ಹಿಂದಿನ ಬಾಗಿಲು ದಾಟಿದರೆ ಬಾವಿ, ಬಚ್ಚಲು, ಹಟ್ಟಿ, ತೋಟ. ಹನ್ನೆರಡಾಯಿತು. ದಾರಿ ಆರಿಸುವಾಗ ಒಂದೇ ಜಾಗ ಎರಡು ಸಲ ಬರಬಾರದು. ಈ ದಾರಿಯನ್ನೇ ಖಾಲಿಯಾಗಿ ಹಿಂದೆ ಮುಂದೆ ನಡೆದು ಅಭ್ಯಾಸ ಮಾಡಿ, ತಡವರಿಸದೆ ಬಂದ ಮೇಲೆ ಮಾತ್ರ ಸಾಮಾನು ಇಡಲು ಹೊರಡಿ.

ಗುಡ್ಡದ ಬುಡದಲ್ಲಿ ನಮಗೊಂದು ಸುರಂಗವೂ ಇದೆ, ನೀರಿನದ್ದು. ಅದನ್ನು ಯಾಕೆ ಸೇರಿಸಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಸುಮಾರು 2000 ವರ್ಷ ಹಿಂದಿನ ಒಂದು ಲ್ಯಾಟಿನ್ ಪುಸ್ತಕದಲ್ಲೇ ಇದಕ್ಕೆ ಉತ್ತರ ಇದೆ: ಜಾಗ ತೀರಾ ಕತ್ತಲೆಯಾಗಿರಬಾರದು, ಒಂದರ ಹಾಗೆ ಇನ್ನೊಂದು ಇರಬಾರದು, ಜನ ತುಂಬಿದ ಜಾಗ ಬೇಡ. ಕತ್ತಲೆಯ ಜಾಗದಲ್ಲಿಟ್ಟ ಚಿತ್ರ ಮನಸ್ಸಿಗೂ ಮಸುಕಾಗಿಯೇ ಕಾಣುತ್ತದೆ. ಇಲ್ಲಿಗೆ ಬರುವ ಒಬ್ಬ ಹುಡುಗ ಚೆರ್ಕಳದವರೆಗಿನ ಬಸ್ ಸ್ಟಾಪ್‌ಗಳನ್ನೇ ದಾರಿ ಮಾಡಿಕೊಂಡಿದ್ದ. ಒಂದು ಶೆಡ್ಡಿನ ಹಾಗೇ ಇನ್ನೊಂದು ಶೆಡ್ಡು, ಚಿತ್ರ ಎಲ್ಲಾ ನೆನಪಿದೆ, ಯಾವ ಸ್ಟಾಪಲ್ಲಿ ಇಟ್ಟದ್ದು ಅನ್ನುವುದೇ ಮರೆತುಹೋಯಿತು.

ಸರಿ, ಗೇಟು. ಒಂದನೇ ಅನುಸೂಚಿ, ರಾಜ್ಯಗಳು ಮತ್ತು ಕೇಂದ್ರಾಡಳಿತ ಪ್ರದೇಶಗಳು. ಗೇಟಿನ ತುಂಬಾ ಭಾರತದ ಬಣ್ಣದ ಭೂಪಟ, ನಾನು ದೂಡಿದಾಗ ಅದು ಕಿರ್ ಅಂತ ಎರಡು ಹೋಳಾಗುತ್ತದೆ. ಅಂಗಳದಲ್ಲಿ ಅಡಿಕೆಯ ಬದಲು ಐನೂರರ ನೋಟು ಒಣಗಲು ಹಾಕಿದ್ದಾರೆ, ರಾಷ್ಟ್ರಪತಿಯವರೇ ಬಂದು ಕಾಲಿನಿಂದ ಕೆದಕುತ್ತಿದ್ದಾರೆ. ಎರಡನೇದು ರಾಷ್ಟ್ರಪತಿ, ರಾಜ್ಯಪಾಲರು, ನ್ಯಾಯಾಧೀಶರು ಮುಂತಾದವರ ಸಂಬಳ ಸವಲತ್ತು. ತುಳಸಿಕಟ್ಟೆಯಲ್ಲಿ ಮಂತ್ರಿಯೊಬ್ಬರು ಕುಂಡೆಗೆ ಮಣ್ಣು ಮೆತ್ತಿಕೊಂಡು ಕೂತು ತುಳಸಿ ಹಿಡಿದು ಪ್ರಮಾಣ ಮಾಡುತ್ತಾರೆ, ಅದು ಮೂರು. ಜಗಲಿಯಲ್ಲಿ ಕುರ್ಚಿಗೆ ಜಗಳ. ಕರ್ನಾಟಕದವರು ಹನ್ನೆರಡು ಕುರ್ಚಿ ಎಳೆದುಕೊಂಡಿದ್ದಾರೆ, ಕೇರಳದವರಿಗೆ ಒಂಬತ್ತು. ನಾಲ್ಕು, ರಾಜ್ಯಸಭೆಯ ಸ್ಥಾನ ಹಂಚಿಕೆ.

ಈಗ ಕಷ್ಟದ ಜಾಗ. ಐದೂ ಆರೂ ಎರಡೂ ಬುಡಕಟ್ಟು ಪ್ರದೇಶಗಳ ಆಡಳಿತ. ಎರಡು ಕಡೆಯೂ ಸುಮ್ನೆ ಒಂದು ಕಾಡು ಬರೆದರೆ ಖಂಡಿತ ಕಲಸಿಹೋಗುತ್ತದೆ. ಆರನೇದು ನಾಲ್ಕೇ ರಾಜ್ಯಕ್ಕೆ: ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂ. ಐದನೇದು ಛತ್ತೀಸ್‌ಗಢ, ಜಾರ್ಖಂಡ್, ಒಡಿಶಾ ಥರದ ಬೇರೆ ರಾಜ್ಯಗಳ ಅನುಸೂಚಿತ ಪ್ರದೇಶಕ್ಕೆ. ಹಾಗಾಗಿ ಹೊಸ್ತಿಲು ಸೀಳಿಕೊಂಡು ಛತ್ತೀಸ್‌ಗಢದ ಕಾಡಿನ ಒಂದು ದೊಡ್ಡ ಸಾಲ್ ಮರ ಎದ್ದಿದೆ, ದಾಟಲು ಕಾಲೆತ್ತಬೇಕು. ಒಳಗೆ ಚಾವಡಿಯಲ್ಲಿ ಮರವೇ ಇಲ್ಲ. ಮಾಡಿನ ಕೆಳಗೆ ಮೋಡ ಕಟ್ಟಿ ಮಳೆ ಸುರಿಯುತ್ತಿದೆ, ಮಳೆಯೆಂದರೆ ಬಿಸಿ ಬಿಸಿ ಚಹಾ. ಮೋಡ ಮೇಘಾಲಯ, ಚಹಾ ಅಸ್ಸಾಂ. ಇನ್ನೆರಡು ತಾವಾಗಿ ಹಿಂದೆ ಬರುತ್ತವೆ.

ಹೊಸ್ತಿಲಿನ ಮರದಲ್ಲಿ ಒಂದು ಚಿನ್ನದ ಕೈಯನ್ನೂ ನೇತುಹಾಕಿ. ಇದೂ ಆ ಹಳೇ ಪುಸ್ತಕದ ಸಲಹೆಯೇ, ಪ್ರತಿ ಐದನೇ ಜಾಗಕ್ಕೆ ಒಂದು ಗುರುತು, ಕೈಗೆ ಐದು ಬೆರಳಲ್ವಾ. ಏಳನೇದು ಯಾವುದು ಅಂತ ಕೇಳಿದರೆ ಗೇಟಿನಿಂದ ಎಣಿಸುತ್ತಾ ಬರಬೇಕಿಲ್ಲ, ಚಿನ್ನದ ಕೈಯಿಂದ ಎರಡು ಹೆಜ್ಜೆ ಮುಂದೆ ಇಟ್ಟರೆ ಊಟದ ಕೋಣೆ.

ಅಲ್ಲಿ ಮೂರು ಬಾಳೆಲೆ. ಒಂದರಲ್ಲಿ ಕೇಂದ್ರ ಉಣ್ಣುತ್ತಿದೆ, ಒಂದರಲ್ಲಿ ರಾಜ್ಯ. ಮೂರನೇ ಎಲೆಗೆ ಇಬ್ಬರೂ ಕೈ ಹಾಕಿದ್ದಾರೆ, ಕೈ ಕೈ ತಾಗಿದಾಗ ಸಾಮಾನ್ಯವಾಗಿ ಕೇಂದ್ರದ ಕೈಯೇ ಮೇಲೆ. ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ. ಅಡುಗೆಮನೆ ಎಂಟು, ಭಾಷೆಗಳು, ಒಟ್ಟು 22. ಇಲ್ಲಿ ಚಿತ್ರ ಕಟ್ಟುವ ಕೆಲಸವೇ ಇಲ್ಲ, ನಮ್ಮೂರಿನ ಅಡುಗೆಮನೆ ಅಂದರೆ ಹಾಗೇ: ಒಲೆ ಹತ್ತಿರ ಅಮ್ಮನ ಕನ್ನಡ, ಪಕ್ಕದ ಮನೆ ಚೇಚಿಯ ಮಲಯಾಳ, ಮೀನು ತಂದವರ ಕೊಂಕಣಿ. ತುಳು ಮಾತ್ರ ಕಿಟಕಿಯ ಹೊರಗೆ ನಿಂತು ಇಣುಕುತ್ತಿದೆ, ಯಾಕೆಂದರೆ ಎಂಟನೇ ಅನುಸೂಚಿಯಲ್ಲಿ ಅದಕ್ಕಿನ್ನೂ ಜಾಗ ಸಿಕ್ಕಿಲ್ಲ. ನನಗೆ ಬೇಸರ ಇದೆ, ಆದರೆ ಆ ಬೇಸರದಿಂದಲೇ ಚಿತ್ರ ಗಟ್ಟಿಯಾಗಿ ನಿಂತಿದೆ.

ಇನ್ನು ಹಿಂದಿನ ಬಾಗಿಲು. ಇದು ನನಗೆ ತುಂಬಾ ಇಷ್ಟದ ಭಾಗ. ಸಂವಿಧಾನ ಜಾರಿಯಾದಾಗ ಇದ್ದದ್ದು ಎಂಟೇ ಅನುಸೂಚಿ. ಉಳಿದ ನಾಲ್ಕು ಆಮೇಲೆ ತಿದ್ದುಪಡಿಯಿಂದ ಬಂದವು. ಹಾಗಾಗಿ ಮೂಲದ್ದೆಲ್ಲ ಬಾಗಿಲಿನ ಈಚೆಗೆ, ಸೇರಿಸಿದ್ದು ಬಾಗಿಲಿನ ಆಚೆಗೆ. ಪಟ್ಟಿಯಲ್ಲಿ ಇಂಥ ಬಿರುಕು ಎಲ್ಲಿದೆ ಅಂತ ಮೊದಲೇ ನೋಡಿ ದಾರಿಯ ಬಾಗಿಲನ್ನು ಅಲ್ಲಿಗೇ ಹೊಂದಿಸಿದರೆ ಒಂದು ಪ್ರಶ್ನೆಗೆ ಪುಕ್ಕಟೆ ಉತ್ತರ.

ಬಾವಿಯೊಳಗೆ ಭೂಮಿಯ ಕಾಗದಪತ್ರ ತೇಲುತ್ತಿದೆ, ಕರಿ ಕೋಟಿನ ನ್ಯಾಯಾಧೀಶರು ಬಗ್ಗಿ ಕೊಡಪಾನ ಇಳಿಸುತ್ತಿದ್ದಾರೆ. ಹಗ್ಗ ಗಿಡ್ಡ, ಮೇಲಿನ ಕಾಗದ ಮಾತ್ರ ಸಿಗುತ್ತದೆ. ಒಂಬತ್ತನೇ ಅನುಸೂಚಿ ಬಂದದ್ದು 1951ರಲ್ಲಿ, ಭೂಸುಧಾರಣೆ ಕಾನೂನುಗಳನ್ನು ಕೋರ್ಟಿನ ಕೈಗೆ ಸಿಗದ ಹಾಗೆ ಇಡಲು. ಆದರೆ 1973ರ ಏಪ್ರಿಲ್ 24ರ ನಂತರ ಸೇರಿಸಿದ್ದನ್ನು ಪರಿಶೀಲಿಸಬಹುದು ಅಂತ 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಗಿಡ್ಡ ಹಗ್ಗ ಇದೇ. ಬಚ್ಚಲಿನಲ್ಲಿ ಎಂಎಲ್ಎ ಒಬ್ಬರು ಒಂದು ಪಕ್ಷದ ಶಾಲು ಬಿಚ್ಚಿ ಇನ್ನೊಂದು ಹೊದೆಯುವಾಗ ಜಾರಿ ಹಂಡೆಗೆ ಬಿದ್ದಿದ್ದಾರೆ: ಹತ್ತು, ಪಕ್ಷಾಂತರ ನಿಷೇಧ, 1985. ಹಟ್ಟಿಯಲ್ಲಿ ದನಗಳ ನಡುವೆ ಪಂಚಾಯತ್ ಮೀಟಿಂಗ್, ತೋಟದ ಕಣಿಯಲ್ಲಿ ನಗರಸಭೆಯ ಕಸದ ಲಾರಿ ಹೂತುಹೋಗಿದೆ. ಹನ್ನೊಂದು, ಹನ್ನೆರಡು.

ಈಗ ಪರೀಕ್ಷೆ ಮಾಡಿ ನೋಡಿ, ಆದರೆ ಗೇಟಿನಿಂದಲ್ಲ. ತೋಟದಿಂದ ಹಿಂದಕ್ಕೆ ಬನ್ನಿ. ಸಿಕ್ಕಿಹಾಕಿಕೊಂಡರೆ ಎಲ್ಲಿ ಕೆಟ್ಟಿದೆ ಅಂತ ಗಮನಿಸಿ. ಜಾಗ ಖಾಲಿ ಕಂಡರೆ ಚಿತ್ರ ಸಪ್ಪೆಯಾಗಿದೆ ಅಂತ ಅರ್ಥ, ಅದಕ್ಕೆ ಏನಾದರೂ ಕೆಲಸ ಕೊಡಿ, ಜಾರಲಿ, ಕಿರುಚಲಿ, ಆ ಜಾಗವನ್ನೇ ಮುಟ್ಟಲಿ. ಚಿತ್ರ ಚೆನ್ನಾಗಿ ಕಂಡು ಅದು ಏನು ಅಂತ ಹೊಳೆಯದಿದ್ದರೆ ಜಾಗದ ತಪ್ಪಲ್ಲ, ಚಿತ್ರವೇ ವಿಷಯಕ್ಕೆ ಹೊಂದಿಲ್ಲ. ಅದನ್ನು ತೆಗೆದು ಬೇರೆ ಇಡಿ. ಒಬ್ಬಳು ಹುಡುಗಿ ಜಗಲಿಯಲ್ಲಿ ಬರೀ ಕುರ್ಚಿ ಇಟ್ಟು ಅದನ್ನು ಲೋಕಸಭೆ ಅಂತ ಓದಿದ್ದಳು. ಕೇರಳದ ಒಂಬತ್ತು ಕುರ್ಚಿ ಸೇರಿಸಿದ ಮೇಲೆ ಸರಿಹೋಯಿತು.

ಮಲಗುವ ಮುಂಚೆ ಒಂದು ಸುತ್ತು, ಮರುದಿನ ಒಂದು, ವಾರ ಬಿಟ್ಟು ಇನ್ನೊಂದು. ಸುತ್ತು ಹಾಕದಿದ್ದರೆ ಇದೂ ಮರೆತುಹೋಗುತ್ತದೆ. ಅನುಸೂಚಿಯ ಒಳಗೆ ಏನಿದೆ ಅನ್ನುವುದನ್ನು ಪುಸ್ತಕ ಓದಿಯೇ ತಿಳಿಯಬೇಕು, ಮನೆ ನೆನಪಿಡುವುದು ಯಾವುದು ಎಲ್ಲಿದೆ ಅನ್ನುವುದನ್ನು ಮಾತ್ರ. ಹಟ್ಟಿಯ ಪಂಚಾಯತ್‌ಗೆ 29 ವಿಷಯ ಇದೆ ಅಂತ ಆ 29ನ್ನೂ ದನಗಳ ಕೊರಳಿಗೆ ಕಟ್ಟಲು ಹೋಗಬೇಡಿ. ಹನ್ನೊಂದು ಮೂಲಭೂತ ಕರ್ತವ್ಯಗಳನ್ನೂ ಇದೇ ಮನೆಯಲ್ಲಿ ಇಡಬೇಡಿ, ತುಳಸಿಕಟ್ಟೆಯ ಮಂತ್ರಿ ಎದ್ದು ಹೋಗುವುದಿಲ್ಲ, ಹೊಸಬರ ಜೊತೆ ಕೂತೇ ಇರುತ್ತಾರೆ. ಅದಕ್ಕೆ ಅಜ್ಜನ ಮನೆ ಬಳಸಿ, ಇಲ್ಲವಾದರೆ ನೀವು ಓದಿದ ಶಾಲೆ.