ಎಷ್ಟು ತ್ರಿಭುಜಗಳಿವೆ? ಮೊದಲು ತುಂಡುಗಳಿಗೆ ನಂಬರ್ ಹಾಕಿ

ಕೇಳುಗರಿಗೆ ನಮಸ್ಕಾರ. ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ ಪರೀಕ್ಷೆಗಳಿಗೆಂದು ವಿಜಯನಗರದ ಪಿಜಿ ಕೋಣೆಗಳಲ್ಲಿ ಓದುತ್ತಾ ಕೂತಿದ್ದೀರಲ್ಲ, ಒಂದು ಹಾಳೆ, ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಗ್ರೂಪಿಗೆ ಬಂದ ಫೋಟೊದಲ್ಲಿ ತ್ರಿಭುಜಗಳನ್ನು ಬರೀ ಕಣ್ಣಲ್ಲೇ ಎಣಿಸುವ ಅಭ್ಯಾಸವಿದ್ದರೆ ದಯವಿಟ್ಟು ಇವತ್ತಿಗೇ ಬಿಡಿ. ಚಿತ್ರವನ್ನು ಹಾಳೆಗೆ ಇಳಿಸಿ, ಪ್ರತಿ ತುಂಡಿಗೂ ಒಂದು ನಂಬರ್ ಹಾಕಿ. ನಾನು ಹೇಳಬೇಕಾಗಿರುವುದು ಇಷ್ಟೇ. ಆದರೆ ಇದನ್ನೇ ಯಾರೂ ಮಾಡುವುದಿಲ್ಲ!

ಒಂದು ದೊಡ್ಡ ತ್ರಿಭುಜ ಬರೆಯಿರಿ. ಮೇಲಿನ ಮೂಲೆಯಿಂದ ಕೆಳಗಿನ ಬದಿಯ ನಡುವಿಗೆ ಒಂದು ಗೆರೆ ಎಳೆಯಿರಿ. ಎಡ ಮೂಲೆಯಿಂದ ಬಲ ಬದಿಯ ನಡುವಿಗೆ ಇನ್ನೊಂದು, ಬಲ ಮೂಲೆಯಿಂದ ಎಡ ಬದಿಯ ನಡುವಿಗೆ ಮತ್ತೊಂದು. ಮೂರೂ ಗೆರೆಗಳು ಒಳಗೆ ಒಂದೇ ಬಿಂದುವಿನಲ್ಲಿ ಸೇರುತ್ತವೆ. ಈಗ ಒಳಗೆ ಆರು ತುಂಡುಗಳಾದವು. ಮೇಲಿನ ಮೂಲೆಯಿಂದ ಇಳಿದ ಗೆರೆಯ ಬಲಕ್ಕಿರುವ ತುಂಡಿಗೆ 1 ಎಂದು ಬರೆದು, ಗಡಿಯಾರದ ಮುಳ್ಳು ತಿರುಗುವ ಹಾಗೆ ಸುತ್ತಿಕೊಂಡು ಬಂದು 6ಕ್ಕೆ ಮುಗಿಸಿ.

ಒಂದೇ ತುಂಡಿನ ತ್ರಿಭುಜಗಳು ಆರು. ಎರಡು ತುಂಡು ಸೇರಿ ಆಗುವವು ಮೂರೇ: 1-2, 3-4, 5-6. ಅವಸರದಲ್ಲಿ 2-3 ಕೂಡ ಸೇರಿಸಿಬಿಡುತ್ತಾರೆ. ಅದರ ಅಂಚಿನ ಮೇಲೆ ಬೆರಳಾಡಿಸಿ ನೋಡಿ, ನಾಲ್ಕು ಬದಿ ಇದೆ. 4-5, 6-1 ಕೂಡ ಹಾಗೇ.

ಇನ್ನು ಮೂರು ತುಂಡಿನವು. ಎಲ್ಲರೂ ಎಡವುವುದು ಇಲ್ಲೇ. 1-2-3, 2-3-4, 3-4-5, 4-5-6, ಆಮೇಲೆ ಸುತ್ತು ದಾಟಿ 5-6-1, 6-1-2. ಒಟ್ಟು ಆರು. ಕೊನೆಯ ಎರಡನ್ನು ಕೆಲವರು ಬಿಟ್ಟೇಬಿಡುತ್ತಾರೆ. ಕೆಲವರು ಒಂದು ಸಲ 5-6-1 ಎಂದೂ ಇನ್ನೊಂದು ಸಲ 1-5-6 ಎಂದೂ ಬರೆದು ಒಂದನ್ನೇ ಎರಡು ಮಾಡುತ್ತಾರೆ. ಅದಕ್ಕೇ ನಂಬರುಗಳನ್ನು ಯಾವಾಗಲೂ ಚಿಕ್ಕದರಿಂದ ದೊಡ್ಡದಕ್ಕೆ ಬರೆಯಿರಿ: 1-5-6, 1-2-6. ಒಂದೇ ಸಾಲು ಎರಡು ಸಲ ಬಂದರೆ ಒಂದನ್ನು ಹೊಡೆದುಹಾಕಿ. ನಾಲ್ಕು, ಐದು ತುಂಡಿನ ತ್ರಿಭುಜ ಇಲ್ಲಿ ಒಂದೂ ಇಲ್ಲ. ಆರೂ ಸೇರಿದ್ದು ಒಂದು. ಆರು, ಮೂರು, ಆರು, ಒಂದು ಕೂಡಿದರೆ 16.

ಆದರೆ ಇದೇ ಚಿತ್ರಕ್ಕೆ ಗ್ರೂಪಿನಲ್ಲಿ ಯಾರಾದರೂ 17 ಎನ್ನುತ್ತಾರೆ. ಅವರು ತಪ್ಪು ಎಣಿಸಿದ್ದಾರೆ ಎಂದುಕೊಳ್ಳಬೇಡಿ, ಮೊದಲು ಫೋಟೊದ ಮಧ್ಯಭಾಗವನ್ನು ದೊಡ್ಡದು ಮಾಡಿ ನೋಡಿ. ಮೂರು ಗೆರೆಗಳು ಒಂದೇ ಬಿಂದುವಿನಲ್ಲಿ ಸೇರದೆ ಕೂದಲೆಳೆಯಷ್ಟು ಸರಿದಿದ್ದರೆ, ನಡುವೆ ಒಂದು ಪುಟ್ಟ ತ್ರಿಭುಜ ಹುಟ್ಟಿರುತ್ತದೆ. ಆಗ ತುಂಡುಗಳು ಏಳು, ಹೊರಗಿನ ಆರರಲ್ಲಿ ಮೂರಕ್ಕೆ ನಾಲ್ಕು ಬದಿ ಬರುತ್ತವೆ, ಒಟ್ಟು ತ್ರಿಭುಜಗಳು 17. ಜೆರಾಕ್ಸ್‌ನ ಜೆರಾಕ್ಸ್ ತೆಗೆದ ಪುಟದಲ್ಲಿ ಆ ಜಾಗ ಕಪ್ಪು ಚುಕ್ಕೆಯಾಗಿ ಮುಚ್ಚಿಹೋಗಿರುತ್ತದೆ. ಒಂದು ಕಾಗದದ ಅಂಚನ್ನು ಪರದೆಯ ಮೇಲೆ ಒಂದೊಂದೇ ಗೆರೆಗೆ ತಾಗಿಸಿ, ಮೂರೂ ಒಂದೇ ಕಡೆ ಹಾಯುತ್ತವೆಯೇ ನೋಡಿ. ಫೋಟೊವನ್ನು ಓರೆಯಾಗಿ ತೆಗೆದಿದ್ದರೆ ಚಿಂತೆಯಿಲ್ಲ. ಓರೆ ಫೋಟೊದಲ್ಲಿ ಉದ್ದ, ಕೋನ ಬದಲಾಗುತ್ತವೆ, ನೇರ ಗೆರೆ ನೇರವಾಗಿಯೇ ಉಳಿಯುತ್ತದೆ, ಸೇರುವ ಬಿಂದುವೂ ಉಳಿಯುತ್ತದೆ. ಪುಸ್ತಕದ ಹಾಳೆ ಬಾಗಿದ್ದರೆ ಮಾತ್ರ ಗೆರೆಯೂ ಬಾಗಿ ಮೋಸ ಮಾಡುತ್ತದೆ.

ತಾಳೆ ನೋಡಲು ಒಂದು ದಾರಿಯಿದೆ. ಚಿತ್ರದಲ್ಲಿ ಬದಿಗಳು ಮೂರು, ಒಳಗಿನ ಗೆರೆಗಳು ಮೂರು, ಒಟ್ಟು ಇರುವುದು ಆರು ಗೆರೆ. ಆರರಲ್ಲಿ ಮೂರನ್ನು 20 ರೀತಿಯಲ್ಲಿ ಆರಿಸಬಹುದು. ಒಂದೊಂದು ಮೂಲೆಯಲ್ಲೂ ಮೂರು ಗೆರೆ ಒಂದೇ ಬಿಂದುವಿಗೆ ಬರುವುದರಿಂದ ಅಲ್ಲಿ ತ್ರಿಭುಜ ಆಗುವುದಿಲ್ಲ, ಮೂರು ಕಳೆಯಿರಿ, 17. ನಡುವಿನ ಮೂರೂ ಸೇರಿಬಿಟ್ಟರೆ ಇನ್ನೊಂದು ಕಳೆದು 16. ಈ ಲೆಕ್ಕ ಇಲ್ಲಿ ನಡೆಯುವುದು ಯಾವ ಎರಡು ಗೆರೆ ತೆಗೆದುಕೊಂಡರೂ ಅವು ಚಿತ್ರದೊಳಗೇ ಸೇರುವುದರಿಂದ. ಸಮಾಂತರ ಗೆರೆಗಳಿರುವ ಚಿತ್ರಕ್ಕೆ ಇದನ್ನು ಹಚ್ಚಬೇಡಿ, ಅಲ್ಲಿ ತುಂಡುಗಳ ನಂಬರೇ ಗತಿ.

ಚೌಕಗಳ ಬಗ್ಗೆಯೂ ಹೇಳಬೇಕಿತ್ತು, ಗಡಿಯಾರ ಬಿಡುತ್ತಿಲ್ಲ. ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು ಮನೆಗಳಿದ್ದರೆ ಒಂದು ಮನೆಯವು 9, ನಾಲ್ಕು ಮನೆಯವು 4, ಒಂಬತ್ತು ಮನೆಯದು 1, ಒಟ್ಟು 14. ಓರೆ ಫೋಟೊ ಕಾಡುವುದು ಇಲ್ಲಿ. ಚೌಕ ಆಯತದ ಹಾಗೆ ಕಾಣುತ್ತದೆ, ಆಯತ ಚೌಕದ ಹಾಗೆ. ಬದಿಯ ಉದ್ದವನ್ನು ಕಣ್ಣಳತೆಯಲ್ಲಿ ನೋಡಬೇಡಿ, ಅಡ್ಡಕ್ಕೆ ಎಷ್ಟು ಮನೆ, ಉದ್ದಕ್ಕೆ ಎಷ್ಟು ಮನೆ ಎಂದು ಎಣಿಸಿ. ಎರಡೂ ಸಮವಿದ್ದರೆ ಮಾತ್ರ ಚೌಕ. ನಮಸ್ಕಾರ.