ಗಾರೆ ಕೆಲಸ: ದಿನಗೂಲಿಯೋ, ಚದರಡಿಯೋ?

ಕೇಳುಗರೇ, ನಮಸ್ಕಾರ.

ತುಮಕೂರಿನ ಕ್ಯಾತ್ಸಂದ್ರದಲ್ಲಿ ನನ್ನ ತಂಗಿ ಮನೆ ಕಟ್ಟಿಸಿದಳು. ಕೆಲಸ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಪ್ಲಾಸ್ಟರಿಂಗ್ ಶುರುವಾಗುವ ಹೊತ್ತಿಗೆ ಮೇಸ್ತ್ರಿ ಕೇಳಿದರು: "ಅಣ್ಣ, ದಿನಗೂಲಿಗೆ ಮಾಡಿಸ್ತೀರೋ, ಚದರಡಿ ಲೆಕ್ಕಕ್ಕೋ?"

ಅಲ್ಲಿ ನಾವು ಕೊಡುತ್ತಿದ್ದ ಕೂಲಿ ಹೀಗಿತ್ತು: ಗಾರೆಯವರಿಗೆ 1000, ಕಂಬಿ ಕಟ್ಟುವವರಿಗೂ ಅಷ್ಟೇ, ಕೈಯಾಳಿಗೆ 700. ಹೆಣ್ಣಾಳಿಗೆ 550 ಸಾಕು ಅಂದರು ಮೇಸ್ತ್ರಿ. ನಾನು ಒಪ್ಪಲಿಲ್ಲ. ಹೊರುವುದು ಅದೇ ಬಾಂಡ್ಲಿ, ಹತ್ತುವುದು ಅದೇ ಮೆಟ್ಟಿಲು, ಅಲ್ವಾ? ಸಮಾನ ವೇತನ ಕಾಯ್ದೆ ಬಂದಿದ್ದು 1976ರಲ್ಲಿ!

ಚದರಡಿಗೆ ಅವರು ಹೇಳಿದ್ದು 24 ರೂಪಾಯಿ, ಕೂಲಿ ಮಾತ್ರ. ಸಿಮೆಂಟು, ಮರಳು ನಮ್ಮದು. ಒಬ್ಬ ಗಾರೆಯವರು, ಒಬ್ಬ ಕೈಯಾಳು ಸೇರಿದರೆ ಒಂದು ಜೋಡಿ. ಜೋಡಿಗೆ ದಿನಕ್ಕೆ 1700. ಒಳಗೋಡೆಯಲ್ಲಿ ಅವರು ದಿನಕ್ಕೆ 100 ಚದರಡಿ ಮುಗಿಸಿದರೆ ಚದರಡಿಗೆ 17 ರೂಪಾಯಿ ಬೀಳುತ್ತದೆ. ದಿನಗೂಲಿಯೇ ಅಗ್ಗ ಅನ್ನಿಸಿತು. ಎರಡು ದಿನ ಹಾಗೇ ಮಾಡಿಸಿ, ಸಂಜೆ ಟೇಪ್ ಹಿಡಿದೆ. ದಿನಕ್ಕೆ 70 ಚದರಡಿ ಆಗಿತ್ತು, ಅಷ್ಟೇ. 1700ನ್ನು 70ರಿಂದ ಭಾಗಿಸಿ ನೋಡಿ, 24 ದಾಟುತ್ತದೆ. ಅವರು ಸುಮ್ನೆ ಕೂತಿರಲಿಲ್ಲ. ಮರಳು ಜರಡಿ ಹಿಡಿಯುವುದು, ಸಾರುವೆ ಕಟ್ಟುವುದು, ಎಲ್ಲಕ್ಕೂ ಹೊತ್ತು ಹೋಗಿತ್ತು. ಚದರಡಿ ಲೆಕ್ಕದಲ್ಲಿ ಆ ಹೊತ್ತು ಮೇಸ್ತ್ರಿಯದು. ಹಾಗಾಗಿ ಮೂರನೇ ದಿನದಿಂದ ಗುತ್ತಿಗೆಗೆ ಕೊಟ್ಟೆ.

ಗುತ್ತಿಗೆ ಅಂದ ಮೇಲೆ ಅವಸರ ಜಾಸ್ತಿ. ಗಾರೆ ಒಣಗಿದ ಮೇಲೆ ಕೋಲಿನಿಂದ ಗೋಡೆ ತಟ್ಟುತ್ತಾ ಹೋದೆ. ಅಡುಗೆಮನೆಯ ಒಂದು ಮೂಲೆ ಟೊಳ್ಳು ಸದ್ದು ಕೊಟ್ಟಿತು. ಅಲ್ಲಿ ಗಾರೆ ಗೋಡೆ ಹಿಡಿದಿರಲಿಲ್ಲ. ಇಟ್ಟಿಗೆಗೆ ನೀರು ಹೊಡೆಯದೆ ಮೆತ್ತಿದ್ದರು. ಕಿತ್ತು ಮತ್ತೆ ಮಾಡಿಸಿದೆ. ಆ ಖರ್ಚೂ ಮೇಸ್ತ್ರಿಯದೇ.

ಕೊನೆಗೆ ಬಂತು ಅಳತೆ. ಕೋಣೆ 10ಕ್ಕೆ 12 ಅಡಿ, ಎತ್ತರ 10. ನಾಲ್ಕು ಗೋಡೆ ಸೇರಿ 440 ಚದರಡಿ. ಬಾಗಿಲು 21, ಕಿಟಕಿ 16. ಇದನ್ನು ಕಳೆಯಬೇಕೋ ಬೇಡವೋ? ಮೇಸ್ತ್ರಿ ಬೇಡ ಅಂದರು. ಕಿಟಕಿಯ ಒಳಅಂಚಿಗೂ ಗಾರೆ ಮೆತ್ತಬೇಕು, ಅಲ್ಲೇ ಕೈ ನಿಧಾನವಾಗುತ್ತದೆ, ಅದು ನಿಜ. ಇಂಜಿನಿಯರುಗಳ ಅಳತೆ ನಿಯಮ ನಡುದಾರಿ ಹಿಡಿಯುತ್ತದೆ. ಅರ್ಧದಿಂದ ಮೂರು ಚದರ ಮೀಟರಿನೊಳಗಿನ ಬಾಗಿಲು, ಕಿಟಕಿಗೆ ಗೋಡೆಯ ಒಂದು ಮುಖದಲ್ಲಿ ಮಾತ್ರ ಕಳೆಯುತ್ತಾರೆ, ಇನ್ನೊಂದು ಮುಖ ಪೂರ್ತಿ ಲೆಕ್ಕಕ್ಕೆ. ಒಳಅಂಚಿಗೆ ಬೇರೆ ದುಡ್ಡಿಲ್ಲ.

ನಾವೂ ಹಾಗೇ ಮಾಡಿದೆವು. ಒಳಗೆ 37 ಕಳೆದು 403 ಚದರಡಿ, ಹೊರಗೆ ಏನೂ ಕಳೆಯಲಿಲ್ಲ. ಒಂದು ಕೋಣೆಗೆ 888 ರೂಪಾಯಿ ವ್ಯತ್ಯಾಸ. ಮೇಸ್ತ್ರಿ ಟೇಪಿನ ಒಂದು ತುದಿ ಹಿಡಿದರು, ನಾನು ಇನ್ನೊಂದು. ಅಳೆದದ್ದನ್ನು ಗೋಡೆಯ ಮೇಲೇ ಇದ್ದಿಲಲ್ಲಿ ಬರೆದರು. ಬಣ್ಣ ಬಳಿಯುವವರೆಗೂ ಆ 403 ಅಲ್ಲೇ ಇತ್ತು.