ಕಾಫಿ ಕಣದಲ್ಲಿ ಇಲ್ಲದ ಹಂಡೆ

ಸ್ನೇಹಿತರೇ, ಈಗ ಪರದೆಯ ಮೇಲೆ ನೀವು ನೋಡಿದ ತಾಮ್ರದ ಹಂಡೆ ನಮ್ಮ ಕಣದಲ್ಲಿ ಎಂದೂ ಇರಲಿಲ್ಲ. ಕಳೆದ ಜನವರಿಯಲ್ಲಿ, ಇಲ್ಲೇ ಚಿಕ್ಕಮಗಳೂರಿನ ಹತ್ತಿರ, ಕಾಫಿ ಹರವಿದ್ದ ಸಿಮೆಂಟಿನ ಕಣದ ಅಂಚಿನಲ್ಲಿ ಮೊಬೈಲ್ ಹಿಡಿದು ಹನ್ನೆರಡು ಸೆಕೆಂಡು ನಡೆದೆ. ಹಂಡೆಯನ್ನು ಆಮೇಲೆ ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಮಾಡಿ ಇಟ್ಟದ್ದು.

ಮೊದಲ ಸಲ ಹಂಡೆ ನೆಲಕ್ಕೆ ಕಚ್ಚಿ ನಿಲ್ಲಲೇ ಇಲ್ಲ. ನಾನು ಹೆಜ್ಜೆ ಇಟ್ಟಂತೆಲ್ಲ ಅದೂ ಮೆಲ್ಲಗೆ ಜಾರುತ್ತಿತ್ತು. ಕಾರಣ ಹೇಳುತ್ತೇನೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಹತ್ತಿರದ ಬೇಲಿ ಓಡುತ್ತದೆ, ದೂರದ ಗುಡ್ಡ ನಿಧಾನವಾಗಿ ಸರಿಯುತ್ತದೆ. ದೃಶ್ಯದಲ್ಲಿ ಗುರುತಿಸಿದ ಬಿಂದುಗಳ ಈ ವ್ಯತ್ಯಾಸದಿಂದಲೇ ಬ್ಲೆಂಡರ್ ಕ್ಯಾಮೆರಾ ಎಲ್ಲಿತ್ತೆಂದು ಲೆಕ್ಕ ಹಾಕುತ್ತದೆ. ಅದಕ್ಕೆ ಕನಿಷ್ಠ ಎಂಟು ಬಿಂದುಗಳು ಬೇಕು, ಅವು ಕದಲಬಾರದು. ನಾನು ಗುರುತು ಹಾಕಿದ್ದು ಕಾಫಿ ಹಣ್ಣಿನ ಮೇಲೆ. ಆಳುಗಳು ಅದನ್ನು ಕೆದಕುತ್ತಿದ್ದರು. ಇನ್ನು ಕೆಲವು ಸಿಲ್ವರ್ ಓಕ್ ಎಲೆಗಳ ನೆರಳಿನ ಅಂಚಿನಲ್ಲಿದ್ದವು. ಲೆಕ್ಕ ಎಷ್ಟು ತಪ್ಪಿದೆ ಎಂದು ತೋರಿಸುವ Solve Error 2.7 ಪಿಕ್ಸೆಲ್ ಬಂತು. ಅವನ್ನೆಲ್ಲ ಅಳಿಸಿ ಸಿಮೆಂಟಿನ ಬಿರುಕು, ಕಣದ ಮೂಲೆ, ದೂರದ ಗೇಟಿನ ಕಂಬಗಳನ್ನು ಹಿಡಿದಾಗ 0.4ಕ್ಕೆ ಇಳಿಯಿತು. ಆದರೂ ಅಂಕಿಯನ್ನಷ್ಟೇ ನಂಬಬೇಡಿ. ಬಿರುಕುಗಳ ಮೇಲೆ ಪುಟ್ಟ ಘನಾಕೃತಿಗಳನ್ನಿಟ್ಟು ದೃಶ್ಯ ಓಡಿಸಿ. ಅವು ಅಲ್ಲಾಡದಿದ್ದರೆ ಮಾತ್ರ ಮುಂದಕ್ಕೆ ಹೋಗಿ. ಮೊಬೈಲಿನ ಅಲುಗಾಟ ತಡೆಯುವ ಸೌಲಭ್ಯವನ್ನು ಚಿತ್ರೀಕರಣಕ್ಕೆ ಮೊದಲೇ ಆಫ್ ಮಾಡಿಡಿ. ಅದು ಪ್ರತಿ ಚೌಕಟ್ಟನ್ನೂ ತನ್ನಿಷ್ಟದಂತೆ ಸರಿಸಿ ಲೆಕ್ಕವನ್ನು ಕೆಡಿಸುತ್ತದೆ.

ಇನ್ನು ನೆರಳು. ಚಿತ್ರೀಕರಿಸುವಾಗ ಕಣದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿದ್ದೆ. ಈ ಕೆಲಸದಲ್ಲಿ ನನಗೆ ಅದಕ್ಕಿಂತ ಪ್ರಿಯವಾದ ಉಪಕರಣ ಇನ್ನೊಂದಿಲ್ಲ. ದೃಶ್ಯದ ಅಳತೆಯನ್ನು ಕೂರಿಸಿದ್ದೂ ಅದರಿಂದಲೇ. ಮಧ್ಯಾಹ್ನ ಮೂರರ ಹೊತ್ತಿಗೆ ಅದರ ನೆರಳು 1.2 ಮೀಟರ್ ಇತ್ತು. ಅಂದರೆ ಸೂರ್ಯ ದಿಗಂತದಿಂದ ಸುಮಾರು 40 ಡಿಗ್ರಿ ಮೇಲಿದ್ದ. ಬ್ಲೆಂಡರ್‌ನ ಸೂರ್ಯದೀಪ ಮೊದಲು ನೇರ ಕೆಳಕ್ಕೆ ಬೆಳಗುವುದರಿಂದ ಅದನ್ನು 50 ಡಿಗ್ರಿ ವಾಲಿಸಿದೆ. ನಿಜವಾದ ಕೋಲಿನ ಮೇಲೆಯೇ ಒಂದು ಕೃತಕ ಕೋಲನ್ನು ನಿಲ್ಲಿಸಿ, ಎರಡರ ನೆರಳೂ ಒಂದಾಗುವವರೆಗೆ ದೀಪವನ್ನು ತಿರುಗಿಸಿದೆ. ನೆರಳು ಬೀಳಲೆಂದು ಹಂಡೆಯ ಅಡಿಗೆ ಹಾಸಿದ ಕೃತಕ ನೆಲದ ಹಾಳೆಗೆ Shadow Catcher ಗುರುತು ಹಾಕಿದರೆ ಹಾಳೆ ಮಾಯವಾಗಿ ನೆರಳಷ್ಟೇ ಉಳಿಯುತ್ತದೆ.

ಆ ನೆರಳು ಡಾಂಬರಿನಂತೆ ಕಪ್ಪಗಿತ್ತು. ಬಿಸಿಲು ತಲುಪದ ಸಿಮೆಂಟಿಗೂ ಆಕಾಶದ ಬೆಳಕು ಬೀಳುತ್ತದೆ. ಹಾಗಾಗಿ ನಿಜವಾದ ನೆರಳಿನಲ್ಲಿ ತುಸು ನೀಲಿ ಇರುತ್ತದೆ. ಆಕಾಶದ ತಿಳಿನೀಲಿ ಬೆಳಕನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ, ಕೋಲಿನ ನೆರಳಿನ ಪಕ್ಕಕ್ಕಿಟ್ಟು ಹೋಲಿಸಿದೆ. ಬಣ್ಣ ಕೂಡಿಬಂದ ಕ್ಷಣದಲ್ಲಿ ಹಂಡೆಗೆ ಭಾರ ಬಂತು.

ಹಂಡೆಯನ್ನು ಮರದ ನೆರಳಿನಲ್ಲಿ ಇಡದೆ ಬಯಲಿನಲ್ಲೇ ಇಟ್ಟದ್ದು ಬೇಕೆಂದೇ. ಮರದಡಿ ಇಟ್ಟರೆ ಅಲ್ಲಾಡುವ ಎಲೆಗಳ ನೆರಳು ಹಂಡೆಯ ಮೈಮೇಲೂ ಹರಿದಾಡಬೇಕು. ಅದಕ್ಕೆ ಚೌಕಟ್ಟಿನ ಹೊರಗೆ ಆ ಮರವನ್ನೂ ನಾವೇ ಬೆಳೆಸಬೇಕಾಗುತ್ತದೆ.